ಶೇಕಡಾ 15ರ ಕೆಳಗಿನ ಸಾಲುಗಳು

ಚನ್ನಪಟ್ಟಣದ ಬೊಂಬೆ 630 ರೂಪಾಯಿಗೆ ಮಾರಾಟವಾದರೆ ಮಾಡಿದವರ ಕೈಗೆ ಬರುವುದೆಷ್ಟು? ಕಮಿಷನ್ ಇಳಿಸಿ ಎಂದು ದೊಡ್ಡ ಆನ್‌ಲೈನ್ ಕಂಪನಿಗೆ ಪತ್ರ ಬರೆಯಲು ಕೂತ ಸಹಕಾರ ಸಂಘಕ್ಕೆ, ಕಾಸು ಸೋರುತ್ತಿರುವುದು ಬೇರೆ ಕಡೆಯಿಂದ ಎಂದು ತಿಳಿದದ್ದು ಪೆಟ್ಟಿಗೆಗೆ ಟೇಪು ಹಿಡಿದಾಗ!

ಆಷಾಢದ ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿದೆ. ಒಳಗೆ ಲೇತು ತಿರುಗುತ್ತಿದೆ. ಸುತ್ತುವ ಹಾಲೆ ಮರದ ಉರುಳೆಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೊಂದು ತಾಳೆಗರಿ ಹಿಡಿದು ತೀಡಿದರೆ ಕನ್ನಡಿಯಂಥ ಹೊಳಪು. ಹೀಗೆ ಏಳು ಬಳೆ, ಒಂದು ಕಂಬ, ಮೇಲೊಂದು ತಲೆ ಆದರೆ ಮಕ್ಕಳು ಜೋಡಿಸಿ ಆಡುವ ಒಂದು ಸೆಟ್ ಆಯಿತು.

ಪಕ್ಕದ ಕೋಣೆಯಲ್ಲಿ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು ಕಂಪ್ಯೂಟರ್ ಮುಂದೆ ಹುಬ್ಬು ಗಂಟಿಕ್ಕಿ ಕೂತಿದ್ದಾರೆ. ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಮಾರಿದ್ದಕ್ಕೆ ಬ್ಯಾಂಕಿಗೆ ಬಂದ ಹಣ ಒಂದು ಹಾಳೆಯಲ್ಲಿದೆ, ಮಾಡಿದವರಿಗೆ ಕೊಡಬೇಕಾದ ಕೂಲಿ ಇನ್ನೊಂದರಲ್ಲಿ. ಎರಡೂ ಹೊಂದುತ್ತಿಲ್ಲ.

"ಕಮಿಷನ್ನೇ ನೂರಕ್ಕೆ ಹದಿನೈದು ತಿಂತಾರಲ್ಲ ಮೇಡಂ, ಅದನ್ನ ಹತ್ತಕ್ಕಿಳಿಸಿ ಅಂತ ಬರೀರಿ" ಎಂದರು ಲೇತಿನ ಮುಂದಿದ್ದ ಹಿರಿಯರು.

"ಬರೀತೀನಿ ಚಾಚಾ. ಮೊದ್ಲು ಒಂದು ಸೆಟ್ಟಿನ ಲೆಕ್ಕ ಪೂರ್ತಿ ನೋಡೋಣ ಇರಿ."

ನವರಾತ್ರಿಗೆ ಇನ್ನೂ ಎರಡು ಮೂರು ತಿಂಗಳಿದೆ. ಆದರೆ ಕಂಪನಿಗಳು ಹಬ್ಬದ ಮಾರಾಟದ ಪಟ್ಟಿ ಹಾಕುವುದು ಈಗಲೇ. ಬೊಂಬೆ ಕೂರಿಸುವ ಹೊತ್ತಿಗೆ ಪತ್ರ ಬರೆದರೆ ಯಾರೂ ಓದುವುದಿಲ್ಲ. ಹಾಗಾಗಿ ಕರಕುಶಲ ಸಂಘಗಳಿಗೆ ಆಷಾಢ, ಶ್ರಾವಣವೇ ಚೌಕಾಸಿಯ ಕಾಲ. ಈ ಸಂಘದ ಹೆಸರಾಗಲಿ, ಆ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಶುಲ್ಕದ ದರಗಳನ್ನೂ ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡಾಗಿಸಿದ್ದೇನೆ. ತಾಣದಿಂದ ತಾಣಕ್ಕೆ ದರ ಬೇರೆಯಾದರೂ ಲೆಕ್ಕದ ದಾರಿ ಇದೇ.

ಒಂದು ಸೆಟ್ಟಿನ ಜಾತಕ

ಬಳೆ ಸೆಟ್ಟಿನ ಬೆಲೆ 600 ರೂಪಾಯಿ, ಶೇ 5 ಜಿಎಸ್‌ಟಿ ಸೇರಿ ಗಿರಾಕಿ ಕೊಡುವುದು 630. ಶೇ 15 ಕಮಿಷನ್ ಅಂದರೆ 94.50. ಪ್ರತಿ ಆರ್ಡರಿಗೂ ಹಿಡಿಯುವ ಸ್ಥಿರ ಶುಲ್ಕ 25. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದದ್ದೇ.

ಮೂರನೆಯ ಸಾಲು ಸಾಗಣೆ. ಮೊದಲ ಅರ್ಧ ಕಿಲೋಗೆ 60 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕಿಲೋಗೆ 30. ಸೆಟ್ಟಿನ ತೂಕ ಪೆಟ್ಟಿಗೆ ಸೇರಿ 400 ಗ್ರಾಂ. ಹಾಗಾದರೆ 60 ರೂಪಾಯಿ ಹಿಡಿಯಬೇಕು. ಆದರೆ ಹಾಳೆಯಲ್ಲಿ ಇದ್ದದ್ದು 150!

ತಕ್ಕಡಿ ಸುಳ್ಳು ಹೇಳಿಲ್ಲ. ಕಂಪನಿ ತೂಗಿದ್ದು ಬೊಂಬೆಯನ್ನಲ್ಲ, ಪೆಟ್ಟಿಗೆ ಹಿಡಿಯುವ ಜಾಗವನ್ನು. ಪಾರ್ಸೆಲ್ ಲೋಕದಲ್ಲಿ ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿದರೆ ಬರುವ ಕಿಲೋ ಅದು. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ.

ಸಂಘದ ಪೆಟ್ಟಿಗೆ 30, 20, 15 ಸೆಂಟಿಮೀಟರಿನದು. ಗುಣಿಸಿದರೆ 9,000, ಭಾಗಿಸಿದರೆ 1.8 ಕಿಲೋ. ಅರ್ಧ ಅರ್ಧ ಕಿಲೋದ ಮೆಟ್ಟಿಲಿನಲ್ಲಿ ಅದು 2 ಕಿಲೋ ಆಗುತ್ತದೆ. 60ಕ್ಕೆ ಮೂರು ಸಲ 30 ಸೇರಿಸಿ, 150. ಹಾಲೆ ಮರ ಹಗುರ ಎಂದೇ ಬೊಂಬೆಗೆ ಹೇಳಿ ಮಾಡಿಸಿದ ಮರ. ಆ ಹಗುರತನದ ಲಾಭವನ್ನು ಪೆಟ್ಟಿಗೆಯೊಳಗಿನ ಗಾಳಿ ನುಂಗಿ ಹಾಕಿತ್ತು.

ಮೂರೂ ಶುಲ್ಕ ಸೇರಿ 269.50. ಅದರ ಮೇಲೆ ಶೇ 18 ಜಿಎಸ್‌ಟಿ, 48.51. ಕಂಪನಿ ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಚಿಲ್ಲರೆ ತೆರಿಗೆ ಸುಮಾರು 3.60. ಎಲ್ಲ ಕಳೆದು ಸಂಘದ ಖಾತೆಗೆ ಬಂದದ್ದು 308 ರೂಪಾಯಿ ಚಿಲ್ಲರೆ. ಸೆಟ್ಟಿಗೆ ಕೂಲಿ 210, ಮರ ಮತ್ತು ಅರಗು 80, ಪೆಟ್ಟಿಗೆ 30, ಒಟ್ಟು ಖರ್ಚು 320. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ ಎಂಬ ವಿಚಿತ್ರ ಸ್ಥಿತಿಯಲ್ಲಿ ಸಂಘ ಇತ್ತು.

> ಬಾಕ್ಸ್: ಮೂಲದಲ್ಲೇ ಹಿಡಿಯುವುದು
> ಆನ್‌ಲೈನ್ ತಾಣಗಳು ಮಾರಾಟಗಾರರ ಹಣದಿಂದ ಎರಡು ತೆರಿಗೆ ಹಿಡಿಯುತ್ತವೆ. ಜಿಎಸ್‌ಟಿಯ ಟಿಸಿಎಸ್ 2024ರ ಜುಲೈ 10ರಿಂದ ಶೇ 1ರಿಂದ ಶೇ 0.5ಕ್ಕೆ ಇಳಿಯಿತು. ಆದಾಯ ತೆರಿಗೆಯ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ 1ರಿಂದ ಶೇ 0.1ಕ್ಕೆ ಇಳಿಯಿತು. ಎರಡೂ ಸಂಘದ ಲೆಕ್ಕಕ್ಕೆ ಜಮೆಯಾಗುವ ಹಣವೇ. ಇವುಗಳ ಬಗ್ಗೆ ಕಂಪನಿಯ ಜತೆ ಚೌಕಾಸಿ ಮಾಡಿ ಫಲವಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಶುಲ್ಕದ ಮೇಲೆ ಕಟ್ಟಿದ 48.51ನ್ನು ಸಂಘ ತಾನು ಕಟ್ಟಬೇಕಾದ ಜಿಎಸ್‌ಟಿಗೆ ಹೊಂದಿಸಿಕೊಳ್ಳಬಹುದು. ಆದರೆ ಬೊಂಬೆಯ ಮೇಲಿನ ತೆರಿಗೆ ಕೇವಲ 30. ಉಳಿದ 18.51 ಲೆಜರಿನಲ್ಲೇ ಕೂರುತ್ತದೆ. ಸರಕಿನ ತೆರಿಗೆಗಿಂತ ಕಚ್ಚಾ ಮಾಲಿನ ತೆರಿಗೆ ಹೆಚ್ಚಿದ್ದರೆ ಮರುಪಾವತಿ ಕೇಳಬಹುದು. ಕಮಿಷನ್, ಸಾಗಣೆಯಂಥ ಸೇವೆಗಳ ತೆರಿಗೆಗೆ ಆ ಸವಲತ್ತಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿಯಮವನ್ನು ಎತ್ತಿಹಿಡಿದಿದೆ. ಬೊಂಬೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಾಗ ಗಿರಾಕಿಗೆ ಖುಷಿಯಾಯಿತು. ಸಂಘದ ಲೆಜರಿನಲ್ಲಿ ಮಾತ್ರ ಸಿಕ್ಕಿಕೊಳ್ಳುವ ಹಣ ಹೆಚ್ಚಾಯಿತು. ಹೀಗಾಗಿ ಕಂಪನಿಯ ಶುಲ್ಕದಲ್ಲಿ ಒಂದು ರೂಪಾಯಿ ಇಳಿದರೂ ಅದರ ಬೆನ್ನಿಗಿರುವ 18 ಪೈಸೆಯೂ ಉಳಿದಂತೆ.

ಟೇಪು ಹಿಡಿದ ಮೇಲೆ

ಬಳೆಗಳನ್ನು ಕಂಬಕ್ಕೆ ಪೋಣಿಸಿ ನಿಲ್ಲಿಸಿಯೇ ಕಳಿಸಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಅಂಗಡಿಯ ಷೋಕೇಸಿನಲ್ಲಿ ನಿಂತರೆ ಚೆಂದ, ಲಾರಿಯಲ್ಲಿ ಯಾರು ನೋಡುತ್ತಾರೆ? ಬಳೆ ಬಿಚ್ಚಿ, ಅರಗಿಗೆ ಅರಗು ತಾಕಿ ಗೀರು ಬೀಳದಂತೆ ಒಂದೊಂದಕ್ಕೂ ಕಾಗದ ಸುತ್ತಿ, ಮಲಗಿಸಿ ಇಟ್ಟರು. 24, 15, 12 ಸೆಂಟಿಮೀಟರಿನ ಪೆಟ್ಟಿಗೆ ಸಾಕಾಯಿತು. ಲೆಕ್ಕ ಹಾಕಿದರೆ 0.864 ಕಿಲೋ, ಅಂದರೆ 1 ಕಿಲೋದ ಮೆಟ್ಟಿಲು. ಸಾಗಣೆ 150ರಿಂದ 90ಕ್ಕೆ ಬಂತು. ಜಿಎಸ್‌ಟಿ ಸೇರಿ ಉಳಿದದ್ದು 70.80.

ಅದೇ ಕಂಪನಿ ದೊಡ್ಡ ಮನಸ್ಸು ಮಾಡಿ ಕಮಿಷನ್ನನ್ನು 15ರಿಂದ 12ಕ್ಕೆ ಇಳಿಸಿದ್ದರೆ ಉಳಿಯುತ್ತಿದ್ದದ್ದು ಜಿಎಸ್‌ಟಿ ಸೇರಿ 22.30.

ಚಾಚಾ ಎರಡೂ ಅಂಕಿ ನೋಡಿ ಸುಮ್ಮನಾದರು. ಆಮೇಲೆ, "ಹಂಗಾದ್ರೆ ಪತ್ರ ಯಾಕೆ? ಪೆಟ್ಟಿಗೆ ಬದಲಾಯ್ಸಿ ಬಿಡಿ" ಅಂದರು.

ಪೆಟ್ಟಿಗೆ ಬದಲಾದರೆ ಸಾಲದು. ಕಂಪನಿಯ ಗೋದಾಮಿನಲ್ಲಿ ಯಂತ್ರ ಮತ್ತೆ ಅಳೆಯುತ್ತದೆ. ತುಂಬಿಸಿ ಉಬ್ಬಿದ ಪೆಟ್ಟಿಗೆ, ಸಡಿಲವಾಗಿ ಸುತ್ತಿದ ಪ್ಲಾಸ್ಟಿಕ್ ಹೊದಿಕೆ ಎಲ್ಲವೂ ಅಳತೆಗೆ ಬರುತ್ತವೆ. 12ರ ಜಾಗದಲ್ಲಿ 14 ಎಂದು ಬಿದ್ದರೆ ಸಾಕು, ಈ ಪೆಟ್ಟಿಗೆ 1 ಕಿಲೋ ದಾಟಿ ಮುಂದಿನ ಮೆಟ್ಟಿಲಿಗೆ ಹಾರುತ್ತದೆ. ಮಾರಾಟಗಾರರು ತಕರಾರು ಹೇಳಲು ಕೆಲವೇ ದಿನಗಳ ಗಡುವು ಇರುತ್ತದೆ. ಹಣ ಕಡಿತವಾದದ್ದು ತಿಂಗಳ ಕೊನೆಗೆ ಕಣ್ಣಿಗೆ ಬೀಳುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಆದ್ದರಿಂದ ಪತ್ರದ ಮೊದಲ ಬೇಡಿಕೆ ಕಮಿಷನ್ನಿನದಾಗಿರಲಿಲ್ಲ. ಅದು ಹೀಗಿತ್ತು:

*"ನಮ್ಮ ಎಂಟು ನಮೂನೆಯ ಸರಕಿನ ಪೆಟ್ಟಿಗೆಗಳನ್ನು ಟೇಪು ಮತ್ತು ತಕ್ಕಡಿಯ ಜತೆ ತೆಗೆದ ಚಿತ್ರಗಳನ್ನು ಲಗತ್ತಿಸಿದ್ದೇವೆ. ಈ ಅಳತೆಗಳನ್ನು ದಾಖಲೆಯಲ್ಲಿ ಸ್ಥಿರಗೊಳಿಸಬೇಕು. ನಿಮ್ಮ ಯಂತ್ರದ ಅಳತೆ ಇದಕ್ಕಿಂತ ಹೆಚ್ಚು ಬಂದಲ್ಲಿ ಚಿತ್ರ ಸಮೇತ ತಿಳಿಸಿ, ನಮ್ಮ ಉತ್ತರ ಬಂದ ಮೇಲಷ್ಟೇ ಹಣ ಕಡಿತ ಮಾಡಬೇಕು."*

ಒಳ್ಳೆಯ ಬೇಡಿಕೆ. ಯಾಕೆಂದರೆ ಇದನ್ನು ಒಪ್ಪಿದರೆ ಕಂಪನಿಗೆ ಕಾಸಿನ ಖರ್ಚಿಲ್ಲ, ಒಲ್ಲೆ ಎನ್ನಲು ಕಾರಣವೂ ಇಲ್ಲ.

ಹಿಂತಿರುಗಿ ಬಂದ ಬೊಂಬೆ

ಹೊಸ ಪೆಟ್ಟಿಗೆಯಲ್ಲಿ ಸೆಟ್ಟಿಗೆ 59 ರೂಪಾಯಿ ಮಿಗತೊಡಗಿತು. ಅಷ್ಟಕ್ಕೇ ಕುಣಿಯುವಂತಿಲ್ಲ. ಒಂದು ಸೆಟ್ ವಾಪಸ್ ಬಂದರೆ ಕಮಿಷನ್ ಮರಳಿ ಸಿಗುತ್ತದೆ, ಹೋದ ಸಾಗಣೆ ಸಿಗುವುದಿಲ್ಲ. ಬರುವ ಸಾಗಣೆಯೂ ಸಂಘದ ತಲೆಗೇ. 90ಕ್ಕೆ 90, ಮೇಲೆ ಜಿಎಸ್‌ಟಿ, ಒಟ್ಟು 212.40. ಪೆಟ್ಟಿಗೆಯೂ ಹಾಳು. ಹತ್ತರಲ್ಲಿ ಒಂದು ವಾಪಸ್ ಬಂದರೆ ಉಳಿದ ಒಂಬತ್ತು ಸೆಟ್ ಗಳಿಸಿದ 533 ರೂಪಾಯಿಯಲ್ಲಿ 242 ಹೋಯಿತು, ಮಿಕ್ಕಿದ್ದು 291.

ಯಾಕೆ ವಾಪಸ್ ಬರುತ್ತವೆ? ಸಂಘ ಹಳೆಯ ಕಾರಣಗಳನ್ನೆಲ್ಲ ಬಗೆದು ನೋಡಿತು. ಮುರಿದದ್ದು ಅಪರೂಪ. ಎರಡು ಬಗೆ ಹೆಚ್ಚು. ಮೊದಲನೆಯದು, ಮನೆ ಬಾಗಿಲಿಗೆ ಹೋದಾಗ ಹಣ ಕೊಟ್ಟು ಬಿಡಿಸಿಕೊಳ್ಳದೆ ತಿರುಗಿಸಿದ್ದು. ಎರಡನೆಯದು, "ಫೋಟೋದಲ್ಲಿದ್ದ ಬಣ್ಣ ಇದಲ್ಲ" ಎಂಬುದು.

ಎರಡನೆಯದರ ಮೂಲ ಅರಗಿನ ಕಡ್ಡಿಯಲ್ಲಿದೆ. ಅರಗನ್ನು ಕಾಯಿಸಿ, ಎಳೆದು, ಬಣ್ಣ ಬೆರೆಸಿ ನಾದುವುದು ಕೈಯಲ್ಲಿ. ಅರಿಸಿನದಿಂದ ಬಂದ ಹಳದಿ ಒಂದು ನಾದಿನಲ್ಲಿ ನಿಂಬೆಯ ಕಡೆಗೆ, ಇನ್ನೊಂದರಲ್ಲಿ ಮಾವಿನ ಕಡೆಗೆ ವಾಲುತ್ತದೆ. ಕಾರ್ಖಾನೆಯ ಪ್ಲಾಸ್ಟಿಕ್ ಬೊಂಬೆಗೆ ಮಾಡಿದ ನಿಯಮ ಇದನ್ನು "ವಿವರಕ್ಕೆ ಹೊಂದದ ಸರಕು" ಎಂದು ಬರೆದುಕೊಳ್ಳುತ್ತದೆ. ಅಲ್ಲಿಗೆ ತಪ್ಪು ಮಾರಾಟಗಾರರದ್ದು, ಸಾಗಣೆಯ ಖರ್ಚೂ ಅವರದ್ದೇ.

ಪತ್ರದ ಎರಡನೆಯ ಬೇಡಿಕೆ ಇಲ್ಲಿ ಹುಟ್ಟಿತು. ಪಟ್ಟಿಯ ವಿವರದಲ್ಲಿ, ಚಿತ್ರದ ಪಕ್ಕದಲ್ಲೇ, ಕೈಯಿಂದ ಹಚ್ಚಿದ ಅರಗಿನ ಬಣ್ಣ ಸೆಟ್ಟಿನಿಂದ ಸೆಟ್ಟಿಗೆ ತುಸು ಬದಲಾಗುತ್ತದೆ ಎಂಬ ಸಾಲು ಇರಬೇಕು. ಎರಡು ನಾದಿನ ಬಣ್ಣಗಳನ್ನು ಅಕ್ಕಪಕ್ಕ ಇಟ್ಟು ತೆಗೆದ ಒಂದು ಚಿತ್ರವೂ ಇರಬೇಕು. ಆ ಸಾಲಿದ್ದ ಮೇಲೂ ಬಣ್ಣದ ಕಾರಣಕ್ಕೆ ವಾಪಸ್ ಬಂದರೆ ಅದನ್ನು ಗಿರಾಕಿ ಮನಸ್ಸು ಬದಲಿಸಿದ ಲೆಕ್ಕಕ್ಕೆ ಹಾಕಬೇಕು, ಸಾಗಣೆಯ ಖರ್ಚನ್ನು ಸಂಘದ ಮೇಲೆ ಹೊರಿಸಬಾರದು. ಬಿರುಕು, ಸೀಳು, ಬಣ್ಣ ಕಿತ್ತದ್ದು ಬಂದರೆ ಎರಡೂ ಕಡೆಯ ಖರ್ಚು ನಮ್ಮದೇ ಎಂದು ಸಂಘ ತಾನಾಗಿಯೇ ಬರೆದುಕೊಟ್ಟಿತು.

ಹೀಗೆ ಬರೆದುಕೊಟ್ಟದ್ದು ಉದಾರತೆಯಿಂದಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿರುವ, ವಿವರಕ್ಕೆ ಹೊಂದದ, ತಡವಾಗಿ ತಲುಪಿದ ಸರಕನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು. ಮನಸ್ಸು ಬದಲಿಸಿದ್ದಕ್ಕೆ ಪಡೆಯಲೇಬೇಕೆಂದು ಅಲ್ಲಿಲ್ಲ. ಅದು ಕಂಪನಿ ತನ್ನ ವ್ಯಾಪಾರಕ್ಕಾಗಿ ಗಿರಾಕಿಗೆ ಕೊಟ್ಟ ಸವಲತ್ತು. ಆ ಗೆರೆಯನ್ನು ಪತ್ರದಲ್ಲಿ ಎಳೆಯಬೇಕಿತ್ತು, ಎಳೆದರು.

ಬಿಐಎಸ್ ಎಲ್ಲಿ?

ಮೂರನೆಯ ಬೇಡಿಕೆ ಹಣದ್ದಲ್ಲ, ಕಾಗದದ್ದು. ಸಂಘದ ಎರಡು ಹೊಸ ಬೊಂಬೆಗಳು ಪಟ್ಟಿಗೇ ಏರಿರಲಿಲ್ಲ. "ಆಟಿಕೆ" ವಿಭಾಗದಲ್ಲಿ ಬಿಐಎಸ್ ಪರವಾನಗಿಯ ಸಂಖ್ಯೆ ತುಂಬದಿದ್ದರೆ ಫಾರಂ ಮುಂದಕ್ಕೇ ಹೋಗುವುದಿಲ್ಲ.

2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ 2020ರ ಡಿಸೆಂಬರಿನ ತಿದ್ದುಪಡಿ ಎರಡು ವಿನಾಯಿತಿ ಕೊಟ್ಟಿದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿ ತಾನೇ ಮಾಡಿ ತಾನೇ ಮಾರುವ ಸರಕು ಒಂದು. ಭೌಗೋಳಿಕ ಸೂಚ್ಯಂಕ ಅಂದರೆ ಜಿಐ ಪಡೆದ ಸರಕನ್ನು ಅದರ ನೋಂದಾಯಿತ ಒಡೆಯರು ಅಥವಾ ಅಧಿಕೃತ ಬಳಕೆದಾರರು ಮಾರಿದರೆ ಅದು ಇನ್ನೊಂದು. ಚನ್ನಪಟ್ಟಣದ ಬೊಂಬೆಗೆ ಜಿಐ ಇದೆ.

ಸಂಘಗಳು ಎಡವುವುದು ಇಲ್ಲೇ. ಸದಸ್ಯರ ಗುರುತಿನ ಚೀಟಿಗಳನ್ನು ಜೋಡಿಸಿ ಕಳಿಸಿಬಿಡುತ್ತಾರೆ. ಚೀಟಿ ಕುಶಲಕರ್ಮಿಯ ಹೆಸರಿನಲ್ಲಿದೆ, ಆನ್‌ಲೈನ್‌ನಲ್ಲಿ ಮಾರುತ್ತಿರುವುದು ಸಂಘ. "ಮಾಡಿ ಮಾರುವ" ಎಂಬ ಮಾತಿಗೆ ಅದು ಪೂರ್ತಿ ಹೊಂದುವುದಿಲ್ಲ ಎಂದು ಕಂಪನಿಯ ಕಾನೂನು ವಿಭಾಗ ತಕರಾರು ತೆಗೆದರೆ ಅದು ಕುಂಟು ನೆಪವಲ್ಲ. ಸಂಘದ ಹೆಸರಿನಲ್ಲೇ ಇರುವ ಜಿಐ ಅಧಿಕೃತ ಬಳಕೆದಾರರ ಪ್ರಮಾಣಪತ್ರವೇ ಗಟ್ಟಿ ದಾರಿ. ಈ ಸಂಘದ ಬಳಿ ಅದು ಇತ್ತು, ಗೋಡೆಯ ಮೇಲೆ ಚೌಕಟ್ಟಿನೊಳಗೆ! ಇಳಿಸಿ, ಸ್ಕ್ಯಾನ್ ಮಾಡಿ, ತಿದ್ದುಪಡಿ ಆದೇಶದ ಪ್ರತಿಯ ಜತೆ ಲಗತ್ತಿಸಿದರು. ಫಾರಂನಲ್ಲಿ "ಜಿಐ ವಿನಾಯಿತಿ" ಎಂಬ ಆಯ್ಕೆ ತೆರೆಯಬೇಕೆಂದು ಕೇಳಿದರು. ಜತೆಗೆ, ಬೇರೆಲ್ಲೋ ತಯಾರಾದ ಬೊಂಬೆಗಳು ಚನ್ನಪಟ್ಟಣದ ಹೆಸರು ಹೊತ್ತು ಹುಡುಕಾಟದಲ್ಲಿ ಬಾರದಂತೆ ಅದೇ ಪ್ರಮಾಣಪತ್ರವನ್ನು ಜರಡಿಯಾಗಿ ಬಳಸಿ ಎಂದೂ ಬರೆದರು.

> ಬಾಕ್ಸ್: 45 ದಿನದ ನಿಯಮ ಯಾರಿಗೆ?
> 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಉದ್ದಿಮೆಗಳ ಸರಕು ಮಾರುವ ಸಹಕಾರ ಸಂಘವೂ "ಪೂರೈಕೆದಾರ" ಎಂಬ ಪದದೊಳಗೆ ಬರುತ್ತದೆ. ಆದರೆ ಇದು ಕಂಪನಿ ತಾನೇ ಸಗಟಾಗಿ ಕೊಂಡಾಗಿನ ಮಾತು. ಮಾರುಕಟ್ಟೆ ತಾಣದಲ್ಲಿ ಕೊಳ್ಳುವುದು ಗಿರಾಕಿ, ಕಂಪನಿ ನಡುವಿನವರು. ಅಲ್ಲಿ ಹಣ ಯಾವಾಗ ಬರಬೇಕೆಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಹಬ್ಬದ ರಿಯಾಯಿತಿ ಯಾರ ಜೇಬಿನದು?

ನಾಲ್ಕನೆಯದು ಅತಿ ಸೂಕ್ಷ್ಮ. ಹಬ್ಬದ ಮಾರಾಟದಲ್ಲಿ ಶೇ 20 ರಿಯಾಯಿತಿ ಎಂದುಕೊಳ್ಳಿ. 630ರ ಸೆಟ್ 504ಕ್ಕೆ ಹೋಗುತ್ತದೆ. ಕಮಿಷನ್ ಸ್ವಲ್ಪ ಇಳಿಯುತ್ತದೆ, ಸಾಗಣೆಯಾಗಲಿ ಸ್ಥಿರ ಶುಲ್ಕವಾಗಲಿ ಇಳಿಯುವುದಿಲ್ಲ. ಖಾತೆಗೆ ಬರುವುದು 276. ಖರ್ಚು 320. ಸೆಟ್ಟಿಗೆ 44 ರೂಪಾಯಿ ನಷ್ಟ. ಆರ್ಡರುಗಳು ಸುರಿಮಳೆಯಾಗುವ ದಿನಗಳಲ್ಲೇ ಈ ಏಟು.

ಸೀರೆ ಕಂಪನಿಯೋ ಮೊಬೈಲ್ ಕಂಪನಿಯೋ ರಿಯಾಯಿತಿ ಕೊಡುವುದು ಹಳೆ ದಾಸ್ತಾನು ಕರಗಿಸಲು. ಇಲ್ಲಿ ಬೆಲೆಯ ಮೂರನೇ ಒಂದು ಭಾಗ ಕೂಲಿ. ಕೂಲಿಗೆ ಕ್ಲಿಯರೆನ್ಸ್ ಸೇಲ್ ಇರುವುದಿಲ್ಲ.

ಆದರೆ ನೇರವಾಗಿ ಒಲ್ಲೆ ಎಂದರೆ ಪಟ್ಟಿಯಲ್ಲಿ ಹಿಂದಕ್ಕೆ ಬೀಳುವ ಭಯ. ಗಿರಾಕಿ ಮೂರನೇ ಪುಟ ತೆರೆಯುವುದಿಲ್ಲ. ಸಂಘ ಇಲ್ಲಿ ಎರಡು ನಿಯಮಗಳನ್ನು ಮೆತ್ತಗೆ ಮುಂದಿಟ್ಟಿತು. 2019ರ ಫೆಬ್ರುವರಿ 1ರಿಂದ ಜಾರಿಯಲ್ಲಿರುವ ವಿದೇಶಿ ನೇರ ಹೂಡಿಕೆಯ ನಿಯಮದಂತೆ, ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ಸರಕಿನ ಬೆಲೆಯ ಮೇಲೆ ನೇರವಾಗಿಯೋ ಪರೋಕ್ಷವಾಗಿಯೋ ಪ್ರಭಾವ ಬೀರುವಂತಿಲ್ಲ. ತಮ್ಮಲ್ಲೇ ಮಾರಬೇಕೆಂದು ಕಟ್ಟಿಹಾಕುವಂತೆಯೂ ಇಲ್ಲ. ಇನ್ನು 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸರಕನ್ನು ಮೇಲೆ ಕೆಳಗೆ ಜೋಡಿಸುವಾಗ ಯಾವ ಮುಖ್ಯ ಅಂಶಗಳನ್ನು ನೋಡಲಾಗುತ್ತದೆ ಎಂಬುದನ್ನು ತಾಣ ಸರಳ ಭಾಷೆಯಲ್ಲಿ ಪ್ರಕಟಿಸಬೇಕು.

*"ರಿಯಾಯಿತಿ ಮಾರಾಟಕ್ಕೆ ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಸರಕನ್ನು ಸೇರಿಸಬಾರದು. ನೀವಾಗಿ ಕೊಡುವ ರಿಯಾಯಿತಿ ನಿಮ್ಮ ಖರ್ಚಿನಲ್ಲಿರಲಿ. ಭಾಗವಹಿಸದಿರುವುದು ಜೋಡಣೆಯ ಮೇಲೆ ಪರಿಣಾಮ ಬೀರುತ್ತದೆಯೇ ಎಂಬುದನ್ನು ದಯವಿಟ್ಟು ಪತ್ರದಲ್ಲಿ ತಿಳಿಸಿ"* ಎಂದು ಬರೆದರು. ದೂರು ಎಲ್ಲೂ ಇಲ್ಲ, ಪ್ರಶ್ನೆ ಮಾತ್ರ ಇದೆ. ಇಂಥ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡುವ ಮುನ್ನ ಯಾವ ಕಂಪನಿಯಾದರೂ ಎರಡು ಸಲ ಯೋಚಿಸುತ್ತದೆ.

ಕಮಿಷನ್ ಬಂದದ್ದು ಐದನೆಯದಾಗಿ, ಮೂರೇ ಸಾಲಿನಲ್ಲಿ. 15ರಿಂದ 10ಕ್ಕೆ ಎಂದು ಕೇಳಲಿಲ್ಲ. 12ಕ್ಕೆ ಇಳಿಸಿ, ಬದಲಿಗೆ ಎಂಟು ನಮೂನೆಗಳಲ್ಲಿ ತಲಾ ಇಷ್ಟು ಸೆಟ್ ನವರಾತ್ರಿಗೆ ಮುಂಚೆಯೇ ಸಿದ್ಧವಿಡುತ್ತೇವೆ ಎಂದರು. ಬರಿಗೈಯಲ್ಲಿ ಹೋಗಿ ಕೇಳುವುದಕ್ಕೂ ಏನಾದರೂ ಹಿಡಿದು ಹೋಗುವುದಕ್ಕೂ ವ್ಯತ್ಯಾಸವಿದೆ. ಆದರೆ ಮಾತು ಕೊಡುವ ಮುನ್ನ ಚಾಚಾ ಕೈ ಅಡ್ಡ ಹಿಡಿದರು. "ಮಳೆಗಾಲದಲ್ಲಿ ಮರ ಒಣಗಲ್ಲ ಮೇಡಂ. ಹಸಿ ಮರ ತಿರುಗ್ಸಿದ್ರೆ ಗಿರಾಕಿ ಮನೇಲಿ ಬಿರುಕು ಬಿಡುತ್ತೆ." ಒಣಗಿದ ಮರ ಎಷ್ಟಿದೆ ಎಂದು ಕೊಟ್ಟಿಗೆಯಲ್ಲಿ ಎಣಿಸಿ ನೋಡಿದ ಮೇಲೆಯೇ ಪತ್ರದಲ್ಲಿ ಸಂಖ್ಯೆ ಬಿತ್ತು. ಅದಕ್ಕಿಂತ ಹೆಚ್ಚಿನ ಸಗಟು ಆರ್ಡರಿಗೆ 21 ದಿನ ಬೇಕು, ಆ ಅವಧಿಗೆ ತಡವಾದ ದಂಡ ಹಾಕಬಾರದು ಎಂದೂ ಸೇರಿಸಿದರು.

> ಬಾಕ್ಸ್: ಶೂನ್ಯ ಕಮಿಷನ್ ಅಂದರೆ
> ಮೀಶೋ 2021ರಲ್ಲಿ ಮಾರಾಟಗಾರರಿಗೆ ಶೂನ್ಯ ಕಮಿಷನ್ ಘೋಷಿಸಿತು. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿಗಿಂತ ಕಡಿಮೆ ಬೆಲೆಯ ಬಹಳಷ್ಟು ಸರಕಿನ ಮೇಲೆ ಕಮಿಷನ್ ಕೈಬಿಟ್ಟಿತು. ಪೈಪೋಟಿ ಕಮಿಷನ್ ದರವನ್ನು ತಾನಾಗಿಯೇ ಇಳಿಸುತ್ತಿದೆ. ಹೀಗಾಗಿ ಹೊಸ ತಾಣಕ್ಕೆ ಸೇರುವಾಗ ಕಮಿಷನ್ ಜತೆಗೆ ಸಾಗಣೆ, ವಾಪಸಾತಿ, ಜಾಹೀರಾತು ಶುಲ್ಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಹೋಲಿಸಬೇಕು.

ಕಳಿಸಿದ್ದು ಯಾರಿಗೆ?

ಪತ್ರ ಎರಡು ಪುಟ, ಲಗತ್ತು ಹನ್ನೊಂದು. ಕನ್ನಡದಲ್ಲಿ ಬರೆದು, ಆಡಳಿತ ಮಂಡಳಿಯ ಸಭೆಯಲ್ಲಿ ಓದಿ, ಠರಾವು ಮಾಡಿ, ಆಮೇಲೆ ಇಂಗ್ಲಿಷಿಗೆ ತಂದರು. ಠರಾವಿನ ಸಂಖ್ಯೆ ಮತ್ತು ದಿನಾಂಕ ಪತ್ರದ ತಲೆಯ ಮೇಲೇ ಇತ್ತು. ಇದು ಬರೀ ಶಿಷ್ಟಾಚಾರವಲ್ಲ. ಕಂಪನಿಯವರು ಫೋನಿನಲ್ಲಿ "ಹದಿನಾಲ್ಕಕ್ಕೆ ಮುಗಿಸಿಬಿಡೋಣ" ಎಂದಾಗ, "ಮಂಡಳಿ ನನಗೆ ಕೊಟ್ಟ ಅಧಿಕಾರ ಇಷ್ಟೇ, ಸಭೆಯಲ್ಲಿಟ್ಟು ಹೇಳುತ್ತೇನೆ" ಎನ್ನಲು ಕಾರ್ಯದರ್ಶಿಗೆ ಅದು ಅನುಕೂಲ ಮಾಡಿಕೊಡುತ್ತದೆ. ಸಹಕಾರ ಸಂಘಕ್ಕೆ ಇರುವ, ಒಂಟಿ ವ್ಯಾಪಾರಿಗೆ ಇಲ್ಲದ ಬಲ ಇದು. ನಮ್ಮಲ್ಲಿ ಬಹಳ ಸಂಘಗಳು ಇದನ್ನು ಬಳಸುವುದೇ ಇಲ್ಲ.

ಮಾರಾಟಗಾರರ ಸಹಾಯವಾಣಿಗೆ ಕಳಿಸಿದರೆ ಟಿಕೆಟ್ ಸಂಖ್ಯೆ ಬರುತ್ತದೆ, ಉತ್ತರ ಬರುವುದಿಲ್ಲ. ಆಟಿಕೆ ವಿಭಾಗದ ಮ್ಯಾನೇಜರಿಗೆ ಮತ್ತು ಕರಕುಶಲ ಮಾರಾಟಗಾರರಿಗೆಂದೇ ಇರುವ ತಂಡಕ್ಕೆ ಕಳಿಸಿದರು.

ಮೂರು ವಾರ ಮೌನ. ಆಮೇಲೆ ಒಂದು ವಿಡಿಯೊ ಕರೆ, ಅದರ ಬೆನ್ನಿಗೆ ಇಮೇಲ್. ಪೆಟ್ಟಿಗೆಯ ಅಳತೆ ದಾಖಲಿಸಲು ಒಪ್ಪಿಗೆ, ಆದರೆ ಆರು ತಿಂಗಳಿಗೊಮ್ಮೆ ಮರುಪರಿಶೀಲನೆ. ಬಣ್ಣದ ಸಾಲಿಗೆ ಒಪ್ಪಿಗೆ. ಜಿಐ ಪ್ರಮಾಣಪತ್ರದ ಮೇಲೆ ಎರಡೂ ಬೊಂಬೆ ಪಟ್ಟಿಗೇರಿದವು. ನಕಲಿಗಳನ್ನು ಜರಡಿ ಹಿಡಿಯುವ ವಿಷಯ "ಪರಿಶೀಲನೆಯಲ್ಲಿದೆ". ಲಿಖಿತ ಒಪ್ಪಿಗೆಯಿಲ್ಲದೆ ರಿಯಾಯಿತಿ ಇಲ್ಲ. ಜೋಡಣೆಯ ಪ್ರಶ್ನೆಗೆ ತಾಣದ ಸಾಮಾನ್ಯ ನಿಯಮಗಳ ಪುಟದ ಕೊಂಡಿ ಕಳಿಸಿ ಕೈತೊಳೆದುಕೊಂಡರು. ಬಾಗಿಲಿನಿಂದಲೇ ತಿರುಗಿ ಬಂದ ಪಾರ್ಸೆಲ್ಲಿನ ಖರ್ಚು ನಿಮ್ಮದೇ ಎಂದು ಖಡಾಖಂಡಿತವಾಗಿ ಹೇಳಿದರು. ಕಮಿಷನ್ 13, ಅದೂ ಹಬ್ಬದ ಮೂರು ತಿಂಗಳ ಮಟ್ಟಿಗೆ.

ಮಂಡಳಿ ಒಪ್ಪಿತು. ಬಾಗಿಲಲ್ಲಿ ಹಣ ಕೊಡುವ ಆಯ್ಕೆಯನ್ನು 1,000 ರೂಪಾಯಿ ಮೇಲಿನ ಸರಕಿಗೆ ತೆಗೆಸಿಹಾಕಿತು. ತೂಗು ಕುದುರೆಯನ್ನು ಆನ್‌ಲೈನಿನಿಂದಲೇ ಇಳಿಸಿತು. 60, 45, 25 ಸೆಂಟಿಮೀಟರಿನ ಪೆಟ್ಟಿಗೆಗೆ 13.5 ಕಿಲೋ ಲೆಕ್ಕ ಬೀಳುತ್ತದೆ. ಯಾವ ಕಮಿಷನ್ ಇಳಿಸಿದರೂ ಅದು ಉಳಿಯುವ ವ್ಯಾಪಾರವಲ್ಲ. ಕುದುರೆ ಬೇಕಾದವರು ಬೆಂಗಳೂರು–ಮೈಸೂರು ಹಳೆ ಹೆದ್ದಾರಿಯಲ್ಲಿ ಚನ್ನಪಟ್ಟಣಕ್ಕೇ ಬಂದು ಕಾರಿನಲ್ಲಿ ಹಾಕಿಕೊಂಡು ಹೋಗಬೇಕು.